ಹೋದ ವಾರದ ಲೆಕ್ಕ ಇಲ್ಲದಾಗ ಕಾರ್ಡ್ ಏನು ಹೇಳಬೇಕು?

ಮುಂಜಾನೆ 6 ಗಂಟೆಗೆ ಬಂದ ಒಂದು ಫೋನ್‌ನಿಂದ ಶುರು ಮಾಡುತ್ತೇನೆ. ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿಗೆ ಡ್ಯಾಶ್‌ಬೋರ್ಡ್ ಮಾಡಿಕೊಟ್ಟಿದ್ದೆ. ಆಫೀಸಿನ ಗೋಡೆಗೆ ದೊಡ್ಡ ಟಿವಿ, ಅದರ ಮೇಲೆ ನಾಲ್ಕು ಕಾರ್ಡ್. ಇಲ್ಲಿಯ ಗಂಜ್ ಮಾರುಕಟ್ಟೆ, ಆಳಂದ, ಸೇಡಂ, ಜೇವರ್ಗಿ, ಹೀಗೆ ನಾಲ್ಕು ಕಡೆಯಿಂದ ಮಿಲ್ಲಿಗೆ ಬರುವ ತೊಗರಿ ಆವಕ. ಪ್ರತಿ ಕಾರ್ಡ್‌ನಲ್ಲಿ ಈ ವಾರ ಎಷ್ಟು ಕ್ವಿಂಟಲ್ ಬಂತು ಅನ್ನೋದು ದೊಡ್ಡ ಅಕ್ಷರದಲ್ಲಿ. ಅದರ ಕೆಳಗೆ ಸಣ್ಣದಾಗಿ, ಹೋದ ವಾರಕ್ಕಿಂತ ಶೇಕಡಾ ಎಷ್ಟು ಹೆಚ್ಚು, ಎಷ್ಟು ಕಮ್ಮಿ. ಹೆಚ್ಚಾದರೆ ಹಸಿರು ಬಾಣ, ಕಮ್ಮಿಯಾದರೆ ಕೆಂಪು ಬಾಣ. ಪವರ್ ಬಿಐ ತಂತ್ರಾಂಶದಲ್ಲಿ ಮಾಡಿದ್ದು, ತಾನೇ ತಾನಾಗಿ ರಿಫ್ರೆಶ್ ಆಗುತ್ತದೆ.

ಡಿಸೆಂಬರ್ ತಿಂಗಳು. ಹೊಸ ತೊಗರಿ ಆಗ ತಾನೇ ಬರಲು ಶುರುವಾಗಿತ್ತು. ಸಾಹುಕಾರರು ಫೋನ್ ಮಾಡಿ ಅಂದರು: “ಏನ್ರೀ ಇದು, ಸೇಡಂ ಮಾಲು ನನ್ನ ಕಣ್ಣ ಮುಂದ ಗೋಡೌನಿನ್ಯಾಗ ಬಿದ್ದದ. ನಿಮ್ಮ ಟಿವಿ ನೋಡಿದ್ರ ನೂರಕ್ಕ ನೂರು ಕಮ್ಮಿ ಆಗ್ಯದ ಅಂತದಲ್ರೀ?”

ಹೋಗಿ ನೋಡಿದೆ. ಕಾರ್ಡ್‌ನಲ್ಲಿ ದೊಡ್ಡದಾಗಿ 420 ಕ್ವಿಂಟಲ್. ಅದರ ಕೆಳಗೆ ಕೆಂಪು ಬಾಣ, −100%. 420 ಕ್ವಿಂಟಲ್ ಬಂದಿದೆ ಅಂತ ಹೇಳುವ ಕಾರ್ಡೇ ಎಲ್ಲವೂ ಹೋಯಿತು ಅಂತಲೂ ಹೇಳುತ್ತಿದೆ. ತಮಾಷೆ ಅನಿಸಬಹುದು. ಆದರೆ ಪಕ್ಕದ ಮೂರು ಕಾರ್ಡ್ ಸರಿಯಾಗಿದ್ದವು. ಹಾಗಾಗಿ ಇದೂ ಸರಿ ಇರಬೇಕು ಅಂತ ಬೆಳಿಗ್ಗೆಯಿಂದ ಮೂರು ಜನ ಸುಮ್ನೆ ನೋಡಿಕೊಂಡು ಹೋಗಿದ್ದರು.

ಸೂತ್ರ ಇದು. ಇಲ್ಲಿ ಕೂತಿರುವ ನಿಮ್ಮಲ್ಲಿ ಅರ್ಧ ಜನ ಹೀಗೇ ಬರೆದಿರುತ್ತೀರಿ.

```
Change % = DIVIDE([ThisWeek], [LastWeek]) - 1
```

ಈ ವಾರವನ್ನು ಹೋದ ವಾರದಿಂದ ಭಾಗಿಸು, 1 ಕಳೆ. ಶಾಲೆಯ ಗಣಿತದ ಪ್ರಕಾರ ತಪ್ಪೇನಿಲ್ಲ. ಸೊನ್ನೆಯಿಂದ ಭಾಗಿಸುವ ತೊಂದರೆ ಬಾರದಿರಲಿ ಅಂತ ನಾನು ಜಾಣತನ ಮಾಡಿ ಭಾಗಾಕಾರದ ಗೆರೆ ಬಿಟ್ಟು DIVIDE ಹಾಕಿದ್ದೆ. ಛೇದ ಸೊನ್ನೆ ಇದ್ದರೆ ಅಥವಾ ಖಾಲಿ ಇದ್ದರೆ DIVIDE ಜಗಳ ಮಾಡುವುದಿಲ್ಲ, ಸುಮ್ಮನೆ ಖಾಲಿ ಉತ್ತರ ಕೊಡುತ್ತದೆ. ಅಲ್ಲಿಯವರೆಗೆ ಒಳ್ಳೆಯದೇ. ತೊಂದರೆ ಇರುವುದು ಕೊನೆಯ ಆ −1ರಲ್ಲಿ. ಪವರ್ ಬಿಐಯ ಸೂತ್ರ ಬರೆಯುವ ಡ್ಯಾಕ್ಸ್ ಭಾಷೆಯಲ್ಲಿ ಕೂಡುವಾಗ, ಕಳೆಯುವಾಗ ಖಾಲಿಯನ್ನು ಸೊನ್ನೆ ಅಂತ ಹಿಡಿಯುತ್ತಾರೆ. ಖಾಲಿಯಿಂದ 1 ಕಳೆದರೆ −1. ಅದನ್ನು ಶೇಕಡಾ ರೂಪದಲ್ಲಿ ತೋರಿಸಿದರೆ −100%.

ಸೇಡಂನಲ್ಲಿ ಹೋದ ವಾರ ಖರೀದಿ ಇನ್ನೂ ಶುರುವಾಗಿರಲಿಲ್ಲ. ಆ ವಾರದ ಒಂದು ಸಾಲೂ ಟೇಬಲ್‌ನಲ್ಲಿ ಇರಲಿಲ್ಲ. ಅಂದರೆ ಹೋಲಿಕೆ ಮಾಡಲು ಏನೂ ಇಲ್ಲದಿದ್ದಾಗ ನನ್ನ ಕಾರ್ಡ್ “ಪೂರ್ತಿ ಮುಳುಗಿತು” ಅಂತ ಹೇಳುತ್ತಿತ್ತು. ಹೊಸದಾಗಿ ಶುರುವಾದ ಪ್ರತಿಯೊಂದಕ್ಕೂ ಅದೇ ಉತ್ತರ.

ಅದೇ ಲೆಕ್ಕವನ್ನು ಬೇರೆ ತರಹ ಬರೆದಿದ್ದರೆ ಬೇರೆ ತರಹದ ಕಾಟ. ಗೆರೆ ಹಾಕಿ ನೇರವಾಗಿ ಭಾಗಿಸಿದ್ದರೆ ಕಾರ್ಡ್ ಮೇಲೆ Infinity ಅಂತ ಬರುತ್ತಿತ್ತು. ಎರಡೂ ವಾರ ಸೊನ್ನೆ ಇದ್ದರೆ NaN. ಎಕ್ಸೆಲ್ ಆಗಿದ್ದರೆ `#DIV/0!`. ಇವೆಲ್ಲ ಕೊಳಕಾಗಿ ಕಾಣುತ್ತವೆ ನಿಜ. ಆದರೆ ಕೊಳಕಾಗಿ ಕಾಣುವುದರಲ್ಲಿ ಒಂದು ಉಪಕಾರ ಇದೆ. ನೋಡಿದವರಿಗೆ ಏನೋ ಕೆಟ್ಟಿದೆ ಅಂತ ತಕ್ಷಣ ಗೊತ್ತಾಗುತ್ತದೆ. −100% ಹಾಗಲ್ಲ, ಅದು ನಿಜವಾದ ಅಂಕಿಯ ವೇಷದಲ್ಲಿ ಬಂದು ಕೂರುತ್ತದೆ.

ನಾನು ಆ ದಿನ ಅವಸರದಲ್ಲಿ ಮಾಡಿದ ರಿಪೇರಿಯನ್ನೂ ಹೇಳಿಬಿಡುತ್ತೇನೆ. ಮೊದಲು ಕಳೆಯುವುದನ್ನು ಒಳಗೆ ತಂದೆ. DIVIDEಗೆ ಮೂರನೆಯದಾಗಿ ಒಂದು ಬದಲಿ ಉತ್ತರ ಕೊಡಬಹುದು, ಅಲ್ಲಿ ಸೊನ್ನೆ ಹಾಕಿದೆ.

```
Change % = DIVIDE([ThisWeek] - [LastWeek], [LastWeek], 0)
```

ಈಗ ಸೇಡಂ ಕಾರ್ಡ್‌ನಲ್ಲಿ 0.0% ಬಂತು. ಸಾಹುಕಾರರು ಅದನ್ನು ಓದಿ, “ಹಂಗಾರ ಹೋದ ವಾರಾನೂ ಇಷ್ಟೇ ಬಂದಿತ್ತೇನು?” ಅಂದರು. ಅವರು ಓದಿದ್ದು ಸರಿಯಾಗಿಯೇ ಇದೆ. 0% ಅಂದರೆ ಬದಲಾವಣೆ ಇಲ್ಲ ಅಂತಲೇ ಅರ್ಥ. ಅದಾದ ಮೇಲೆ ಸೊನ್ನೆ ತೆಗೆದು 1 ಹಾಕಿದೆ. 100% ಹೆಚ್ಚು ಅಂತ ಬಂತು. ಅದರ ಅರ್ಥ ಎರಡು ಪಟ್ಟಾಯಿತು ಅಂತ. ಹಾಗಾದರೆ ಹೋದ ವಾರ 210 ಬಂದಿತ್ತು ಅಂತ ಆಯಿತು. ಅದೂ ಸುಳ್ಳು. ಅರ್ಧ ಗಂಟೆಯಲ್ಲಿ ಒಂದೇ ಕಾರ್ಡ್ ಮೂರು ಸುಳ್ಳು ಹೇಳಿತ್ತು, ಮೂರನ್ನೂ ನಾನೇ ಹೇಳಿಸಿದ್ದೆ. ಅಲ್ಲಿ ಯಾವ ಅಂಕಿ ಹಾಕಿದರೂ ಸುಳ್ಳೇ ಆಗುತ್ತದೆ. ಯಾಕೆಂದರೆ ಆ ಜಾಗಕ್ಕೆ ಅಂಕಿಯೇ ಇಲ್ಲ. ಅಲ್ಲಿ ಬೇಕಾದದ್ದು ಮಾತು.

ಯಾವ ಮಾತು ಅನ್ನೋದು ಸ್ವಲ್ಪ ಕಷ್ಟದ ಪ್ರಶ್ನೆ. ಅದಕ್ಕೆ ಒಂದು ಊರಿನ ಉದಾಹರಣೆ ತೆಗೆದುಕೊಳ್ಳೋಣ, ಎಲ್ಲರಿಗೂ ಗೊತ್ತಿರುವುದು.

ನಮ್ಮ ಕಲಬುರಗಿ ವಿಮಾನ ನಿಲ್ದಾಣ ಶುರುವಾಗಿದ್ದು 2019ರ ನವೆಂಬರ್‌ನಲ್ಲಿ. ಅಲ್ಲಿಯ ಪ್ರಯಾಣಿಕರ ಸಂಖ್ಯೆಗೆ ಒಂದು ಕಾರ್ಡ್ ಮಾಡಿ, ಹೋದ ವರ್ಷದ ಇದೇ ತಿಂಗಳಿಗೆ ಹೋಲಿಸಿ ಅಂತ ನಿಮಗೆ ಕೆಲಸ ಕೊಟ್ಟರು ಅಂತ ಇಟ್ಟುಕೊಳ್ಳಿ. 2020ರ ಅಕ್ಟೋಬರ್ ಕಾರ್ಡ್‌ಗೆ ಹಿಂದಿನ ಅಂಕಿ 2019ರ ಅಕ್ಟೋಬರ್‌ದು. ಆಗ ನಿಲ್ದಾಣವೇ ಶುರುವಾಗಿರಲಿಲ್ಲ. ಅದಕ್ಕೆ ಸೊನ್ನೆ ಅನ್ನಬಾರದು, ಅದು ಇಲ್ಲವೇ ಇಲ್ಲ. ಈಗ 2021ರ ಏಪ್ರಿಲ್ ಕಾರ್ಡ್ ನೋಡಿ. ಅದರ ಹಿಂದಿನ ಅಂಕಿ 2020ರ ಏಪ್ರಿಲ್‌ದು. ಆ ತಿಂಗಳು ನಿಲ್ದಾಣ ಇತ್ತು, ಆದರೆ ಲಾಕ್‌ಡೌನ್. ಮಾರ್ಚ್ 25ರಿಂದ ಮೇ 24ರವರೆಗೆ ದೇಶದಲ್ಲಿ ಪ್ರಯಾಣಿಕರ ವಿಮಾನ ಸೇವೆ ನಿಂತಿತ್ತು. ಇದು ನಿಜವಾದ ಸೊನ್ನೆ. ಎಣಿಸಿ ನೋಡಿದರೂ ಸೊನ್ನೆಯೇ. ಎರಡೂ ಕಡೆ ಶೇಕಡಾ ಲೆಕ್ಕ ಬರುವುದಿಲ್ಲ. ಆದರೆ ಒಂದು ಕಡೆ “ಹೋದ ವರ್ಷ ನಿಲ್ದಾಣ ಇರಲಿಲ್ಲ” ಅಂತ ಹೇಳಬೇಕು. ಇನ್ನೊಂದು ಕಡೆ “ನಿಂತಿದ್ದು ಮತ್ತೆ ಶುರುವಾಯಿತು” ಅಂತ ಹೇಳಬೇಕು. ಒಂದೇ ಮಾತು ಎರಡಕ್ಕೂ ಹೊಂದುವುದಿಲ್ಲ, ಅಲ್ವಾ?

ಇದರ ಜೊತೆಗೆ ಮೂರನೆಯದೂ ಒಂದಿದೆ. ನಿಜವಾಗಿ ಆವಕ ಇತ್ತು, ಆದರೆ ನಮ್ಮ ಕೈಗೆ ಲೆಕ್ಕ ಬರಲಿಲ್ಲ. ನಮ್ಮ ಕಡೆ ಇದೇ ಜಾಸ್ತಿ.

ಹೆಸರು ಬದಲಾದರೂ ಹೀಗೇ ಆಗುತ್ತದೆ. 2014ರ ನವೆಂಬರ್ 1ರಿಂದ ಗುಲ್ಬರ್ಗಾ ಕಲಬುರಗಿ ಆಯಿತು. ಹಳೆಯ ಫೈಲಿನಲ್ಲಿ Gulbarga, ಹೊಸ ಫೈಲಿನಲ್ಲಿ Kalaburagi. ಎರಡನ್ನೂ ಹಾಗೇ ಜೋಡಿಸಿದರೆ ಗುಲ್ಬರ್ಗಾ ಕಾರ್ಡ್ −100%, ಕಲಬುರಗಿ ಕಾರ್ಡ್‌ಗೆ ಹಿಂದಿನ ಅಂಕಿಯೇ ಇಲ್ಲ. ಒಂದು ಜಿಲ್ಲೆ ಸತ್ತು ಇನ್ನೊಂದು ಹುಟ್ಟಿದ ಹಾಗೆ! ಇದು ಹೆಸರಿನ ಪಟ್ಟಿ ಇಟ್ಟು ಸರಿ ಮಾಡುವ ಕೆಲಸ, ಸೂತ್ರದಲ್ಲಿ ಸರಿ ಮಾಡುವುದಲ್ಲ. ಯಾದಗಿರಿಯ ಕತೆ ಇದಕ್ಕಿಂತ ಕಷ್ಟ. ಗುಲ್ಬರ್ಗಾದಿಂದ ಬೇರೆಯಾಗಿ ಅದು ಜಿಲ್ಲೆಯಾದದ್ದು 2009–10ರ ಹೊತ್ತಿಗೆ. ಅದಕ್ಕೂ ಹಿಂದಿನ ಯಾದಗಿರಿಯ ಅಂಕಿ ಗುಲ್ಬರ್ಗಾದ ಹೊಟ್ಟೆಯೊಳಗಿದೆ. ಹಾಗಾಗಿ ಕೆಡುವುದು ಯಾದಗಿರಿ ಕಾರ್ಡ್ ಒಂದೇ ಅಲ್ಲ. ಗುಲ್ಬರ್ಗಾ ಕಾರ್ಡ್‌ನಲ್ಲಿ ಬರುವ ಇಳಿಕೆಯೂ ಸುಳ್ಳು, ಅದು ನೋಡಲು ಚೆನ್ನಾಗಿಯೇ ಕಾಣುತ್ತದೆ. ತಾಲ್ಲೂಕುವಾರು ಲೆಕ್ಕ ಸಿಕ್ಕರೆ ಹಳೆಯದನ್ನು ಒಡೆದು ಹೋಲಿಸಬಹುದು. ಸಿಗದಿದ್ದರೆ ಎರಡೂ ಜಿಲ್ಲೆ ಕೂಡಿಸಿ ಒಂದೇ ಕಾರ್ಡ್ ತೋರಿಸಿ.

ಮಿಲ್ಲಿಗೆ ವಾಪಸ್ ಬರೋಣ. ಸೊನ್ನೆ ಯಾವುದು, ಖಾಲಿ ಯಾವುದು ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ನಾನು ಸೂತ್ರ ಬಿಟ್ಟು ಮುನೀಮರ ಹತ್ತಿರ ಹೋಗಿ ಕೂತೆ. ನಾಲ್ಕು ಕೇಂದ್ರ, ನಾಲ್ಕು ಮುನೀಮರು. ಎಲ್ಲರೂ ಸಂಜೆ ಒಂದು ಶೀಟ್ ತುಂಬುತ್ತಾರೆ. ಮಾಲು ಬಾರದ ದಿನ ಏನು ಬರೆಯುತ್ತೀರಿ ಅಂತ ಕೇಳಿದೆ. ಗಂಜ್‌ನವರು 0 ಬರೆಯುತ್ತಾರೆ. ಆಳಂದದವರು ಒಂದು ಅಡ್ಡ ಗೆರೆ ಹಾಕುತ್ತಾರೆ. ಸೇಡಂನವರು ಮನೆ ಖಾಲಿ ಬಿಡುತ್ತಾರೆ. ಜೇವರ್ಗಿಯವರು ಆ ದಿನದ ಸಾಲನ್ನೇ ಬರೆಯುವುದಿಲ್ಲ. “ಬಂದಿಲ್ಲ ಅಂದ ಮ್ಯಾಲ ಬರಿಯೋದೇನ್ರಿ?” ಅಂದರು. ನ್ಯಾಯವಾದ ಮಾತೇ.

ನಾನು ಮಾಡಿದ್ದ ತಪ್ಪು ಏನೆಂದರೆ, ಡೇಟಾ ಒಳಗೆ ಬರುವಾಗಲೇ ಗೆರೆ, ಖಾಲಿ ಎಲ್ಲವನ್ನೂ ಸೊನ್ನೆ ಮಾಡುವ ಒಂದು ಹೆಜ್ಜೆ ಇಟ್ಟಿದ್ದೆ. ಸ್ವಚ್ಛ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಆ ಹೆಜ್ಜೆ ದಾಟಿದ ಮೇಲೆ ಯಾವುದು ನಿಜವಾದ ಸೊನ್ನೆ ಅಂತ ಯಾರಿಗೂ ಹೇಳಲು ಬರುವುದಿಲ್ಲ. ಆ ತಿಳಿವಳಿಕೆ ಅಲ್ಲೇ ಅಳಿಸಿಹೋಗುತ್ತದೆ. ಎಸ್‌ಕ್ಯೂಎಲ್‌ನಲ್ಲಿ `COALESCE(qty, 0)` ಅಂತ ಕೈ ಅಭ್ಯಾಸಕ್ಕೆ ಬರೆಯುತ್ತೀರಲ್ಲ, ಅದೂ ಇದೇ ಕೆಲಸ ಮಾಡುತ್ತದೆ.

ಈಗ ಶೀಟ್‌ನಲ್ಲಿ ಕ್ವಿಂಟಲ್ ಪಕ್ಕ ಇನ್ನೊಂದು ಕಾಲಂ ಇದೆ. ಅದರಲ್ಲಿ ಮೂರೇ ಆಯ್ಕೆ: ಖರೀದಿ, ರಜೆ, ಮಾಲು ಬಂದಿಲ್ಲ. ಶರಣಬಸವೇಶ್ವರ ಜಾತ್ರೆಯ ರಥದ ದಿನ ನಮ್ಮ ಮಿಲ್ಲಿನವರು ಖರೀದಿ ಮಾಡುವುದಿಲ್ಲ, ಆ ದಿನ ರಜೆ ಅಂತ ಬರುತ್ತದೆ, ಕ್ವಿಂಟಲ್ 0. ಸಾಲೇ ಇಲ್ಲದಿದ್ದರೆ ಮಾತ್ರ ಲೆಕ್ಕ ಬಂದಿಲ್ಲ ಅಂತ ತಿಳಿಯುತ್ತೇವೆ. ಮುನೀಮರಿಗೆ ಇದನ್ನು ಒಪ್ಪಿಸಲು ಎರಡು ವಾರ ಬೇಕಾಯಿತು. ಡ್ಯಾಶ್‌ಬೋರ್ಡ್ ಕೆಲಸದಲ್ಲಿ ಅತಿ ಹೆಚ್ಚು ಚಹಾ ಕುಡಿದದ್ದು ಆ ಎರಡು ವಾರದಲ್ಲೇ.

ಇದಾದ ಮೇಲೆ ಕಾರ್ಡ್‌ನ ಸೂತ್ರ ಬರೆಯುವುದು ಸುಲಭ. ಒಂದೇ ಒಂದು ಎಚ್ಚರ ಬೇಕು. ಪವರ್ ಬಿಐಯಲ್ಲಿ ಖಾಲಿಯನ್ನು ಸೊನ್ನೆಗೆ ಹೋಲಿಸಿದರೆ “ಹೌದು, ಎರಡೂ ಒಂದೇ” ಅನ್ನುತ್ತದೆ. `BLANK() = 0` ಅನ್ನೋದು ಅಲ್ಲಿ ನಿಜ. ಹಾಗಾಗಿ ಮೊದಲು ಖಾಲಿಯೇ ಅಂತ ಕೇಳಬೇಕು, ಆಮೇಲೆ ಸೊನ್ನೆಯೇ ಅಂತ ಕೇಳಬೇಕು. ಸಾಲು ಹಿಂದುಮುಂದಾದರೆ ಮತ್ತೆ ಮೊದಲಿನ ಗೋಳು.

```
Change Text =
VAR cur = [ThisWeek]
VAR prev = [LastWeek]
RETURN
SWITCH( TRUE(),
  ISBLANK(cur), "ಈ ವಾರದ ಲೆಕ್ಕ ಬಂದಿಲ್ಲ",
  ISBLANK(prev), "ಹೋದ ವಾರದ ಲೆಕ್ಕ ಇಲ್ಲ",
  prev = 0 && cur = 0, "ಎರಡೂ ವಾರ ಸೊನ್ನೆ",
  prev = 0, "ಹೋದ ವಾರ ಸೊನ್ನೆ ಇತ್ತು",
  prev < 50, FORMAT(cur - prev, "+#,0;-#,0;0") & " ಕ್ವಿಂಟಲ್",
  FORMAT((cur - prev) / prev, "+0.0%;-0.0%;0.0%")
)
```

ಐದನೆಯ ಷರತ್ತಿನಲ್ಲಿ 50 ಯಾಕೆ ಅಂತ ಕೇಳುತ್ತೀರಿ. ಜೇವರ್ಗಿಯಲ್ಲಿ ಒಂದು ವಾರ ಬರೀ 3 ಕ್ವಿಂಟಲ್ ಬಂದಿತ್ತು. ಮುಂದಿನ ವಾರ 615. ಲೆಕ್ಕ ಹಾಕಿದರೆ 20,400% ಹೆಚ್ಚಳ. ಗಣಿತ ಸರಿ, ಭಾಗಾಕಾರ ಸರಿ, ಯಾವ ದೋಷವೂ ಇಲ್ಲ. ಆದರೂ ಆ ಅಂಕಿ ನೋಡಿ ಯಾರಿಗೂ ಏನೂ ತಿಳಿಯುವುದಿಲ್ಲ. ಸೊನ್ನೆಯ ಕಾಯಿಲೆ ಸೊನ್ನೆಯ ಹತ್ತಿರದವರಿಗೂ ತಗಲುತ್ತದೆ. ಅಲ್ಲಿ “+612 ಕ್ವಿಂಟಲ್” ಅಂತ ಬಂದರೆ ಸಾಕು. 50 ಅನ್ನೋದು ನಮ್ಮ ಮಿಲ್ಲಿನ ಅಂದಾಜು. ಅದಕ್ಕಿಂತ ಕಮ್ಮಿ ಬಂದ ವಾರವನ್ನು ಅವರು ವಾರ ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮ ಅಂಕಿ ನೀವು ಧಂದೆ ಮಾಡುವವರನ್ನು ಕೇಳಿ ಇಡಿ.

ಈ ಉತ್ತರ ಅಕ್ಷರವಾಗಿ ಬರುತ್ತದೆ, ಅಂಕಿಯಾಗಿ ಅಲ್ಲ. ಇದನ್ನು ಬಾಣದ ಬಣ್ಣಕ್ಕೆ ಬಳಸಬೇಡಿ, ಟೇಬಲ್‌ನಲ್ಲಿ ಇಟ್ಟು ಏರಿಕೆ ಇಳಿಕೆ ಕ್ರಮಕ್ಕೂ ಬಳಸಬೇಡಿ. “+9.0%” “+12.0%”ಗಿಂತ ದೊಡ್ಡದು ಅಂತ ಕೂತುಬಿಡುತ್ತದೆ. ಬಣ್ಣಕ್ಕೆ ಬೇರೆ ಅಂಕಿಯ ಲೆಕ್ಕ ಇಡಿ, ಹೋಲಿಕೆ ಇಲ್ಲದಾಗ ಅದು ಖಾಲಿ ಬರಲಿ, ಖಾಲಿಗೆ ಬೂದು ಬಣ್ಣ ಕೊಡಿ. ಬಾಣ ಬೇಡವೇ ಬೇಡ. ಮಾತು ಸರಿ ಇದ್ದು ಪಕ್ಕದಲ್ಲಿ ಕೆಂಪು ಬಾಣ ಉಳಿದರೆ ಜನ ಓದುವುದು ಬಾಣವನ್ನೇ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕಣ್ಣಿಗೆ ಕಾಣುವ ತಪ್ಪು. ಕಾಣದ ತಪ್ಪು ಒಂದಿದೆ, ಅದಕ್ಕೆ ಸ್ವಲ್ಪ ಹೊತ್ತು ಕೊಡುತ್ತೇನೆ.

ಬೀದರ್‌ನಲ್ಲಿರುವ ನನ್ನ ಗೆಳೆಯರೊಬ್ಬರು ಇಂಥದ್ದೇ ಲೆಕ್ಕವನ್ನು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಮಾಡುತ್ತಾರೆ. ಶೇಕಡಾ ಲೆಕ್ಕ ಅಲ್ಲೇ ಮುಗಿದು ಡ್ಯಾಶ್‌ಬೋರ್ಡ್‌ಗೆ ಬರುತ್ತದೆ. ಪೋಸ್ಟ್‌ಗ್ರೆಸ್ ಸೊನ್ನೆಯ ವಿಷಯದಲ್ಲಿ ಖಡಕ್. ಒಂದು ಸಾಲಿನಲ್ಲಿ ಛೇದ ಸೊನ್ನೆ ಬಂದರೆ `division by zero` ಅಂದು ಇಡೀ ಕ್ವೆರಿಯನ್ನೇ ನಿಲ್ಲಿಸುತ್ತದೆ. 40 ಕಡೆಯ ಲೆಕ್ಕದಲ್ಲಿ ಒಂದು ಕಡೆ ಸೊನ್ನೆ, 40 ಕಾರ್ಡೂ ಹೊಸದಾಗುವುದಿಲ್ಲ. ಪರದೆಯ ಮೇಲೆ ಹಳೆಯ ಅಂಕಿ ಹಾಗೇ ಉಳಿಯುತ್ತದೆ. ಅವರಿಗೆ ಇದು ಗೊತ್ತಾಗಿದ್ದು ನಾಲ್ಕು ದಿನದ ಮೇಲೆ. ನಾಲ್ಕು ದಿನವೂ ಆವಕ ಒಂದೇ ಇದೆಯಲ್ಲ ಅಂತ ಯಾರೋ ಕೇಳಿದಾಗ. ರಿಫ್ರೆಶ್ ಕೆಟ್ಟಿದೆ ಅಂತ ಮೇಲ್ ಹೋಗುತ್ತಿತ್ತು, ಆದರೆ ಕೆಲಸ ಬಿಟ್ಟುಹೋದವರ ವಿಳಾಸಕ್ಕೆ.

ಇದಕ್ಕೆ ಮದ್ದು ಚಿಕ್ಕದು. ಛೇದ ಸೊನ್ನೆಯಾದರೆ ಅದನ್ನು ಖಾಲಿ ಮಾಡಿಬಿಡು ಅನ್ನೋದು.

```
100.0 * (qty - prev_qty) / NULLIF(prev_qty, 0)
```

ಆ 100.0ರಲ್ಲಿ ದಶಾಂಶ ಬಿಡಬೇಡಿ. ಎರಡೂ ಕಡೆ ಪೂರ್ಣಾಂಕ ಇದ್ದರೆ ಪೋಸ್ಟ್‌ಗ್ರೆಸ್ ಉತ್ತರವನ್ನೂ ಪೂರ್ಣಾಂಕ ಮಾಡಿ ದಶಾಂಶದ ಭಾಗವನ್ನು ಉದುರಿಸಿಬಿಡುತ್ತದೆ.

ಗೆಳೆಯರು ಇದನ್ನು ಹಾಕಿದರು. ರಿಫ್ರೆಶ್ ನಿಲ್ಲುವುದು ತಪ್ಪಿತು. ಆದರೆ prev_qty ಎಲ್ಲಿಂದ ಬರುತ್ತಿದೆ ಅಂತ ನೋಡಿದರೆ, ಅಲ್ಲಿ LAG ಇತ್ತು. LAG ಅಂದರೆ ಹಿಂದಿನ ಸಾಲಿನ ಅಂಕಿ. ಹಿಂದಿನ ಸಾಲು ಅಂದೆ, ಹಿಂದಿನ ವಾರ ಅಂತ ಅನ್ನಲಿಲ್ಲ. ಸಾಲುಗಳೆಲ್ಲ ಬಿಡದೆ ಇದ್ದರೆ ಎರಡೂ ಒಂದೇ. ನಡುವೆ ಒಂದು ವಾರದ ಸಾಲು ಬಿಟ್ಟುಹೋದರೆ?

ನಮ್ಮ ಆಳಂದದ ಅಂಕಿಯಲ್ಲೇ ಹೇಳುತ್ತೇನೆ. ಮೊದಲ ವಾರ 900 ಕ್ವಿಂಟಲ್. ಎರಡನೆಯ ವಾರದ ಶೀಟ್ ಬರಲೇ ಇಲ್ಲ. ಮೂರನೆಯ ವಾರ 1,200. LAG ಎರಡನೆಯ ವಾರವನ್ನು ಹಾರಿ ಮೊದಲ ವಾರಕ್ಕೆ ಹೋಗುತ್ತದೆ. 900ರಿಂದ 1,200, ಅಂದರೆ +33.3%. ಹಸಿರು ಬಾಣ. ಕಾರ್ಡ್‌ನಲ್ಲಿ “ಹೋದ ವಾರಕ್ಕಿಂತ” ಅಂತ ಬರೆದಿದೆ. ಯಾರೂ ಅನುಮಾನ ಪಡುವುದಿಲ್ಲ, ಎಲ್ಲೂ ದೋಷ ಕಾಣುವುದಿಲ್ಲ. ಆಮೇಲೆ ಆ ಶೀಟ್ ಸಿಕ್ಕಿತು. ಎರಡನೆಯ ವಾರದ ಆವಕ 1,400 ಇತ್ತು. ಅಂದರೆ ನಿಜವಾದ ಉತ್ತರ −14.3%. ಏರಿದೆ ಅಂತ ತೋರಿಸಿದ್ದು ಇಳಿದಿತ್ತು.

ನನ್ನನ್ನು ಕೇಳಿದರೆ, Infinity ತೋರಿಸುವ ಕಾರ್ಡ್‌ಗಿಂತ ಇದು ನೂರು ಪಾಲು ಕೆಟ್ಟದ್ದು. ಖಾಲಿ ಜಾಗದಲ್ಲಿ ಕಾರ್ಡ್ ಮುರಿದುಬೀಳಬೇಕಿತ್ತು, ಬೀಳಲಿಲ್ಲ.

ಇದಕ್ಕೆ ಹಿಂದಿನ ಸಾಲನ್ನು ಕೇಳಬಾರದು, ಹಿಂದಿನ ತಾರೀಖನ್ನು ಕೇಳಬೇಕು. ಅದೇ ಟೇಬಲ್ ಅನ್ನು ಅದಕ್ಕೇ ಜೋಡಿಸಿ, ವಾರದ ಮೊದಲ ದಿನದಿಂದ ಸರಿಯಾಗಿ 7 ದಿನ ಹಿಂದಕ್ಕೆ ಹೋಗಬೇಕು.

```
LEFT JOIN weekly p
  ON p.centre = w.centre
 AND p.week_start = w.week_start - 7
```

week_start ತಾರೀಖಿನ ರೂಪದಲ್ಲಿರಬೇಕು. ಆ ವಾರದ ಸಾಲು ಇಲ್ಲದಿದ್ದರೆ ಈಗ ಖಾಲಿ ಬರುತ್ತದೆ, ಬರಬೇಕಾದದ್ದೂ ಅದೇ. ಆದರೆ ಇದಕ್ಕೂ ಒಂದು ಮಿತಿ ಇದೆ. ಈ ವಾರದ ಸಾಲೇ ಇಲ್ಲದ ಕೇಂದ್ರ ಪಟ್ಟಿಯಿಂದಲೇ ಮಾಯವಾಗುತ್ತದೆ, ಯಾಕೆಂದರೆ ಜೋಡಿಸಲು ಎಡಗಡೆ ಏನೂ ಇಲ್ಲ. ಕಾರ್ಡ್ ಮಾಯವಾದರೆ ಯಾರು ಗಮನಿಸುತ್ತಾರೆ? ಹಾಗಾಗಿ ಎಲ್ಲ ಕೇಂದ್ರ, ಎಲ್ಲ ವಾರ, ಎರಡನ್ನೂ ಗುಣಿಸಿ ಒಂದು ಖಾಲಿ ಚೌಕಟ್ಟು ಮೊದಲು ಮಾಡಿಕೊಳ್ಳಿ. 4 ಕೇಂದ್ರ, 52 ವಾರ, 208 ಸಾಲು. ಅದಕ್ಕೆ ನಿಜವಾದ ಲೆಕ್ಕವನ್ನು ತಂದು ಅಂಟಿಸಿ. ಎಲ್ಲಿ ಅಂಟಲಿಲ್ಲವೋ ಅಲ್ಲಿ ಲೆಕ್ಕ ಬಂದಿಲ್ಲ.

ಈಗ ತಾನೇ ತಾನಾಗಿ ರಿಫ್ರೆಶ್ ಆಗುವುದರ ವಿಷಯ. ಕೈಯಲ್ಲಿ ಮಾಡುವ ವರದಿ ಆದರೆ ಮಾಡುವವರು ಒಮ್ಮೆ ಕಣ್ಣಾಡಿಸುತ್ತಾರೆ, −100% ಕಂಡರೆ ತಡೆಯುತ್ತಾರೆ. ಬೆಳಿಗ್ಗೆ 6ಕ್ಕೆ ತಾನೇ ಓಡುವ ರಿಫ್ರೆಶ್‌ಗೆ ಕಣ್ಣಿಲ್ಲ. ನಮ್ಮ ಮುನೀಮರ ಶೀಟ್ ಬರುವುದು ಸಂಜೆ. ಸೋಮವಾರ ಬೆಳಿಗ್ಗೆ 6ಕ್ಕೆ ಈ ವಾರದ ಒಂದು ಸಾಲೂ ಇರುವುದಿಲ್ಲ. ಹಳೆಯ ಸೂತ್ರದಲ್ಲಿ ಖಾಲಿಯಿಂದ 900 ಕಳೆದು, 900ರಿಂದ ಭಾಗಿಸಿ, ಪ್ರತಿ ಸೋಮವಾರ ನಾಲ್ಕೂ ಕಾರ್ಡ್ −100%. ಇಲ್ಲಿ ಹಿಂದಿನ ಅಂಕಿ ಸರಿಯಾಗಿದೆ, ಇಂದಿನದು ಕಾಣೆ. ಮೇಲೆ ತೋರಿಸಿದ ಸೂತ್ರದಲ್ಲಿ ಮೊದಲ ಪ್ರಶ್ನೆಯೇ cur ಖಾಲಿಯೇ ಅಂತ ಇರುವುದು ಇದಕ್ಕೇ.

ಮಂಗಳವಾರ ಏನಾಗುತ್ತದೆ? ಒಂದು ದಿನದ ಆವಕ ಬಂದಿದೆ, ಅದನ್ನು ಹೋದ ವಾರದ ಆರು ದಿನಕ್ಕೆ ಹೋಲಿಸುತ್ತಿದ್ದೀರಿ. ಖಾಲಿ ಇಲ್ಲ, ಸೊನ್ನೆ ಇಲ್ಲ, ಆದರೂ ಸುಳ್ಳು ಇಳಿಕೆ. ಲೆಕ್ಕ ಯಾವ ದಿನದವರೆಗೆ ಬಂದಿದೆಯೋ ಹೋದ ವಾರದ ಆ ದಿನದವರೆಗೆ ಮಾತ್ರ ಹೋಲಿಸಬೇಕು. ಬುಧವಾರದವರೆಗೆ ಬಂದಿದ್ದರೆ ಸೋಮ, ಮಂಗಳ, ಬುಧ. ಆ ಮೂರು ದಿನದಲ್ಲಿ ಹೋದ ವಾರ ಒಂದು ದಿನದ ಶೀಟ್ ಕಾಣೆಯಾಗಿದ್ದರೆ ಅದನ್ನೂ ಹೇಳಬೇಕು. ನಾವು ಶೇಕಡಾ ಪಕ್ಕದಲ್ಲಿ “3ರಲ್ಲಿ 2 ದಿನದ ಲೆಕ್ಕ” ಅಂತ ಸಣ್ಣ ಅಕ್ಷರದಲ್ಲಿ ತೋರಿಸುತ್ತೇವೆ.

ಇಲ್ಲಿ ಒಂದು ತಮಾಷೆಯ ಅನುಭವ ಇದೆ. ಸ್ವಲ್ಪ ದಿನ ರಿಫ್ರೆಶ್ ಅನ್ನು ಬೆಳಿಗ್ಗೆ 5ಕ್ಕೆ ಇಟ್ಟಿದ್ದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿ, ಟಿವಿಯ ಮೇಲೆ ಒಂದು ದಿನ ಹಿಂದೆ. ತಲೆ ಕೆಟ್ಟುಹೋಯಿತು. ಕಾರಣ ಗಡಿಯಾರ. ಪವರ್ ಬಿಐಯ ಕ್ಲೌಡ್ ಸೇವೆಯಲ್ಲಿ `TODAY()` ಯುಟಿಸಿ ಸಮಯದ ಪ್ರಕಾರ ನಡೆಯುತ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ. ನಮ್ಮ ಸೋಮವಾರ ಬೆಳಿಗ್ಗೆ 5 ಅಂದರೆ ಅಲ್ಲಿ ಭಾನುವಾರ ರಾತ್ರಿ ಹನ್ನೊಂದೂವರೆ. ಅದರ ಪಾಲಿಗೆ ಇನ್ನೂ ಹೋದ ವಾರವೇ ನಡೆಯುತ್ತಿದೆ. ಲ್ಯಾಪ್‌ಟಾಪ್‌ನಲ್ಲಿ ಊರಿನ ಗಡಿಯಾರ ಇರುವುದರಿಂದ ಅಲ್ಲಿ ಎಷ್ಟು ಪರೀಕ್ಷೆ ಮಾಡಿದರೂ ತಪ್ಪು ಸಿಗುವುದಿಲ್ಲ. ಈಗ ನಾವು `TODAY()` ಬಿಟ್ಟು, ಟೇಬಲ್‌ನಲ್ಲಿರುವ ಕೊನೆಯ ತಾರೀಖನ್ನೇ ಇಂದು ಅಂತ ಹಿಡಿಯುತ್ತೇವೆ. ಕಾರ್ಡ್‌ನ ಮೂಲೆಯಲ್ಲಿ ಅದನ್ನೇ ಬರೆಯುತ್ತೇವೆ, “ಲೆಕ್ಕ ಬುಧವಾರದವರೆಗೆ” ಅಂತ. ರಿಫ್ರೆಶ್ ಆದ ಸಮಯ ಬರೆದರೆ ಉಪಯೋಗ ಇಲ್ಲ. ರಿಫ್ರೆಶ್ ಚೆನ್ನಾಗಿ ಓಡಿ, ಏನೂ ಹೊಸದು ತರದೆ ಬಂದಿರಬಹುದು.

ಆದರೆ ಕೊನೆಯ ತಾರೀಖನ್ನು ಎಲ್ಲ ಕೇಂದ್ರಕ್ಕೂ ಒಂದೇ ಅಂತ ಹಿಡಿಯಬೇಡಿ. ಗಂಜ್ ಲೆಕ್ಕ ಬುಧವಾರದವರೆಗೆ ಬಂದು ಸೇಡಂ ಲೆಕ್ಕ ಸೋಮವಾರಕ್ಕೇ ನಿಂತಿರಬಹುದು. ಪ್ರತಿ ಕಾರ್ಡ್‌ಗೆ ಅದರದೇ ತಾರೀಖು.

ಪರೀಕ್ಷೆ ಹೇಗೆ ಅಂತ ಒಬ್ಬರು ಮೊದಲೇ ಚೀಟಿ ಕಳಿಸಿದ್ದರು. ನಾವು “ಪರೀಕ್ಷೆ” ಅಂತಲೇ ಒಂದು ಸುಳ್ಳು ಕೇಂದ್ರ ಇಟ್ಟಿದ್ದೇವೆ, ಅದು ಟಿವಿಗೆ ಬರುವುದಿಲ್ಲ. ಅದರಲ್ಲಿ ಬೇಕೆಂದೇ ಒಂದು ವಾರ ಸೊನ್ನೆ, ಒಂದು ವಾರ ಸಾಲು ಇಲ್ಲ, ಒಂದು ವಾರ 3 ಕ್ವಿಂಟಲ್, ಒಂದು ವಾರ ಸರಿಯಾದ ಅಂಕಿ. ಸೂತ್ರ ಮುಟ್ಟಿದಾಗಲೆಲ್ಲ ಆ ಕೇಂದ್ರದ ಕಾರ್ಡ್ ತೆಗೆದು ವಾರ ಬದಲಿಸಿ ನೋಡುತ್ತೇನೆ. ಸೊನ್ನೆಯ ವಾರಕ್ಕೂ ಕಾಣೆಯಾದ ವಾರಕ್ಕೂ ಒಂದೇ ಮಾತು ಬಂತು ಅಂದರೆ ಯಾರೋ ಮಧ್ಯದಲ್ಲಿ ಖಾಲಿಯನ್ನು ಸೊನ್ನೆ ಮಾಡಿದ್ದಾರೆ ಅಂತ ಅರ್ಥ. ಆ ಯಾರೋ ಅನ್ನೋದು ಸಾಮಾನ್ಯವಾಗಿ ನಾನೇ.

ಇನ್ನೊಂದು ಪ್ರಶ್ನೆ ಸಭೆಯ ಹಿಂದಿನ ಸಾಲಿನಲ್ಲಿ ಕೂತವರಿಂದ ಬಂತು. ಆವಕ ಬಿಡಿ, ಲಾಭ ನಷ್ಟದ ಕಾರ್ಡ್‌ನಲ್ಲಿ ಹಿಂದಿನ ತಿಂಗಳು ನಷ್ಟ ಇದ್ದರೆ? ಒಳ್ಳೆಯ ಪ್ರಶ್ನೆ, ಅಲ್ಲಿ ಸೊನ್ನೆಯೂ ಇಲ್ಲ, ಖಾಲಿಯೂ ಇಲ್ಲ, ಆದರೂ ಕಾರ್ಡ್ ಕೆಡುತ್ತದೆ. ಹೋದ ತಿಂಗಳು 2 ಲಕ್ಷ ನಷ್ಟ, ಈ ತಿಂಗಳು 1 ಲಕ್ಷ ಲಾಭ ಅಂತ ಇಟ್ಟುಕೊಳ್ಳಿ. ವ್ಯತ್ಯಾಸ 3 ಲಕ್ಷ, ಅದನ್ನು −2ರಿಂದ ಭಾಗಿಸಿದರೆ −150%. ಚೇತರಿಸಿಕೊಂಡ ತಿಂಗಳಿಗೆ ಕೆಂಪು ಬಾಣ. ಕೆಲವರು ಛೇದಕ್ಕೆ ABS ಹಾಕಿ +150% ಮಾಡುತ್ತಾರೆ. ಬಾಣದ ದಿಕ್ಕು ಸರಿಹೋಗುತ್ತದೆ, ಆದರೆ 150% ಅಂದರೆ ಯಾವುದರ 150% ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಹಿಂದಿನ ಅಂಕಿ ಸೊನ್ನೆಗಿಂತ ಕೆಳಗಿದ್ದರೆ ನಾನು ಶೇಕಡಾ ತೋರಿಸುವುದೇ ಇಲ್ಲ. “2 ಲಕ್ಷ ನಷ್ಟದಿಂದ 1 ಲಕ್ಷ ಲಾಭಕ್ಕೆ” ಅಂತ ಬರೆಯುತ್ತೇನೆ. ಜಾಗ ಸ್ವಲ್ಪ ಜಾಸ್ತಿ ಬೇಕು. ಸಾಹುಕಾರರು ಮಾತ್ರ ಅದನ್ನು ನೋಡಿ, “ಇದು ಮೊದಲಿಂದಲೂ ಹಿಂಗೇ ಬರೀಬಾರದಿತ್ತೇನ್ರೀ?” ಅಂದರು.